ವರ್ತೂರಿನಲ್ಲಿ ಎಳೆದ ಕೈರಂಪಣಿ

ಬನ್ನಿ, ಆ ಚಾಪೆ ಎಳ್ಕೊಂಡು ಕೂತ್ಕೊಳ್ಳಿ. ಗೋಡೆಗೆ ಒರಗಿದರೂ ಅಡ್ಡಿಯಿಲ್ಲ, ನಿದ್ದೆ ಮಾತ್ರ ಮಾಡಬೇಡಿ. ನಿದ್ದೆ ಮಾಡೋರಿಗೆ ಕಥೆ ಹೇಳಿ ಹೇಳಿ ಸಾಕಾಗಿದೆ ನನಗೆ, ನಲವತ್ತೆಂಟು ವರ್ಷ ನಮ್ಮ ಯಜಮಾನರಿಗೆ ಹೇಳಿದ್ದು ಅದೇ ತರ.

ವರ್ತೂರಿನಲ್ಲಿ ಬಾಡಿಗೆ ಮನೆ ಕಟ್ಟಿಸಿದೋರಿಗೆ ಇಂಥ ಪ್ರಸಂಗಗಳು ಆಗ್ತಾನೇ ಇರ್ತವೆ. ಬಾಡಿಗೆ ಒಂದು ತಿಂಗಳು ತಪ್ಪಿದರೂ ಇವು ತಪ್ಪೋದಿಲ್ಲ. ನಾವು ರಾಗಿ ಬೆಳೀತಿದ್ದ ಜಾಗದಲ್ಲಿ ಈಗ ಮೂರಂತಸ್ತು ನಿಂತಿದೆ. ಕೆಳಗೆ ನಾವು, ಮೇಲೆ ಒಂದೊಂದು ಸೀಮೆಯೋರು. ಒಬ್ಬರು ಹಗಲೆಲ್ಲ ಮಲಗ್ತಾರೆ. ಇನ್ನೊಬ್ಬರು ಕಿವಿಗೆ ಏನೋ ಸಿಕ್ಕಿಸ್ಕೊಂಡು ಗೋಡೆ ಜತೆ ಇಂಗ್ಲಿಷಲ್ಲಿ ಜಗಳ ಆಡ್ತಾರೆ. ಇವರ ನಡುವೆ ಎರಡನೇ ಮಹಡಿಗೆ ಒಬ್ಬಳು ಹುಡುಗಿ ಬಂದಳು. ಸಾಮಾನು ಅಂತ ನೋಡಿದರೆ ಒಂದು ಚಾಪೆ, ಒಂದು ಕುಕ್ಕರ್, ಆಮೇಲೆ ಹನ್ನೊಂದು ಪೆಟ್ಟಿಗೆ ತುಂಬ ಚೀಟಿ.

"ಏನು ಕೆಲಸ ಕಣವ್ವಾ ನಿಂದು?" ಅಂದೆ.

"ನಿಘಂಟು ಮಾಡ್ತೀವಿ ಅಜ್ಜಿ. ಕರಾವಳಿಯೋರು ಮಾತಾಡೋ ಪದಗಳಿಗೆ ಅರ್ಥ ಬರೆಯೋದು."

"ಮಾತಾಡೋರಿಗೆ ಅರ್ಥ ಗೊತ್ತಿಲ್ವಾ?"

"ಅವರಿಗೆ ಗೊತ್ತು. ಬೇರೆಯೋರಿಗೆ ಗೊತ್ತಾಗಲಿ ಅಂತ."

"ಬೇರೆಯೋರು ಕೇಳಿದ್ರಾ?"

ಹುಡುಗಿ "ಇಲ್ಲ" ಅಂದಳು. ಅವತ್ತಿಂದ ನನಗೆ ಅವಳ ಮೇಲೆ ಪ್ರೀತಿ. ಯಾರೂ ಕೇಳದೇ ಇರೋದನ್ನ ಹೇಳೋ ಚಾಳಿ ನನಗೂ ಇದೆಯಲ್ಲ.

ಒಂದು ಬಗೆಯ ಬಲೆ

ಒಂದು ದಿನ ಮೆಟ್ಟಿಲ ಮೇಲೆ ಮುಖ ಸಣ್ಣ ಮಾಡ್ಕೊಂಡು ಕೂತಿದ್ದಳು. ಕೈಯಲ್ಲಿ ಒಂದು ಚೀಟಿ, ಅದರ ಮೇಲೆ ಕೆಂಪು ಶಾಯಿ ಗೀಟು. ಏನಾಯ್ತು ಅಂತ ಕೇಳಿದ್ದಕ್ಕೆ ಎಲ್ಲ ಬಿಚ್ಚಿ ಹೇಳಿದಳು. ಅವಳನ್ನ ಕೆಲಸಕ್ಕೆ ತಗೊಂಡಿದ್ದು ಮೂರು ತಿಂಗಳು ನೋಡೋಣ ಅಂತ. ಆ ಮೂರು ತಿಂಗಳು ಮುಗಿಯೋ ಭಾನುವಾರ ನಿಘಂಟಿನ ದೊಡ್ಡ ಸಂಪಾದಕರು ಬಂದು ಪರೀಕ್ಷೆ ಮಾಡ್ತಾರಂತೆ. ಪರೀಕ್ಷೆಗೆ ಒಂದೇ ಪದ: ಕೈರಂಪಣಿ. ಅರ್ಥ ಸರಿಯಾಗಿ ಬರೆದರೆ ನಿಘಂಟು ಮುಗಿಯೋವರೆಗೂ ಕೆಲಸ. ಇಲ್ಲದಿದ್ದರೆ ಹನ್ನೊಂದು ಪೆಟ್ಟಿಗೆ ವಾಪಸ್ ಕೊಟ್ಟು, ಮೊದಲಿದ್ದ ಕಂಪನಿಗೆ ಹೋಗಿ ಫೋನೆತ್ತಬೇಕು.

"ನೀನೇನು ಬರೆದೆ?"

"ಇದು ನಾನು ಬರೆದಿದ್ದಲ್ಲ, ನನಗಿಂತ ಮುಂಚೆ ಇದ್ದೋರು ಬರೆದಿದ್ದು. 'ಕೈರಂಪಣಿ, ನಾಮಪದ, ಒಂದು ಬಗೆಯ ಬಲೆ.' ಸಂಪಾದಕರು ಇದನ್ನ ಹೊಡೆದು ಹಾಕಿ, ಸೊಳ್ಳೆಪರದೆಯೂ ಒಂದು ಬಗೆಯ ಬಲೆಯೇ ಅಂತ ಬರೆದಿದ್ದಾರೆ."

ಸರಿಯಾಗೇ ಬರೆದಿದ್ದಾರೆ ಅಂದೆ. ನನ್ನ ಮದುವೆ ಮಾತಿನಲ್ಲೂ ಹಿಂಗೇ ಆಗಿತ್ತು. ಹುಡುಗ ಹೆಂಗೆ ಅಂತ ನಮ್ಮಪ್ಪ ಕೇಳಿದರೆ, ಮಧ್ಯಸ್ಥಗಾರ "ಗಂಡಸು" ಅಂದ. ನಮ್ಮಪ್ಪ ಅಷ್ಟು ಕೇಳ್ಕೊಂಡೇ ಕೊಟ್ಟುಬಿಟ್ಟ.

ಕಳೆದುಹೋದ ಹಸ

ಆಮೇಲೆ ಅವಳು ಸಂಪಾದಕರ ಕಟ್ಟಳೆಗಳನ್ನ ಹೇಳಿದಳು. ಮೊದಲು ಆ ವಸ್ತು ಯಾವ ಕುಲದ್ದು ಅಂತ ಹೇಳಬೇಕು. ಆಮೇಲೆ ಅದೇ ಕುಲದ ಬೇರೆಯವಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ ಹೇಳಬೇಕು. ಎಲ್ಲದಕ್ಕೂ ಇರೋದನ್ನ ಹೇಳಬಾರದು. ಅರ್ಥ ಹೇಳೋ ಮಾತು ಆ ಪದಕ್ಕಿಂತ ಕಷ್ಟ ಇರಬಾರದು. ಅರ್ಥದೊಳಗೆ ಅದೇ ಪದ ತರೋ ಹಂಗಿಲ್ಲ. ಮೂವತ್ತು ಪದ ದಾಟಬಾರದು.

"ಇದು ಹಸ ಕಳೆದೋದಾಗ ಹೇಳ್ತೀವಲ್ಲ, ಅಂಗೇ ಕಣವ್ವಾ" ಅಂದೆ. "ನನ್ನ ಹಸ ಕಂಡ್ರಾ ಅಂದ್ರೆ ಯಾರೂ ಹುಡುಕಲ್ಲ. ಹಸಕ್ಕೆ ನಾಲ್ಕು ಕಾಲು ಅಂದ್ರೆ ನಗ್ತಾರೆ, ಯಾವ ಹಸಕ್ಕಿಲ್ಲ? ಕೆಂದ ಹಸ, ಎಡಗೊಂಬು ಮುರಿದದೆ ಅಂದ್ರೆ ಸಾಕು, ಹಿಡಕೊಂಡು ಬರ್ತಾರೆ. ಅದರ ತಾಯಿ ಎಷ್ಟು ಹಾಲು ಕೊಡ್ತಿತ್ತು ಅಂತ ಶುರು ಮಾಡಿದ್ರೆ ಎದ್ದೋಗ್ತಾರೆ."

ಹುಡುಗಿ ಕಣ್ಣರಳಿಸಿ ನನ್ನನ್ನೇ ನೋಡಿದಳು. "ಅಜ್ಜಿ, ನೀವು ಸಮುದ್ರ ನೋಡಿದ್ದೀರಾ?"

"ಇಲ್ಲ. ನಮ್ಮ ಕೆರೆ ನೋಡಿದ್ದೀನಿ."

"ಸಾಕು. ಸಮುದ್ರ ನೋಡದೋರಿಗೆ ತಿಳೀಬೇಕು, ಸಮುದ್ರದೋರು ನಗಬಾರದು, ಇದೇ ನಮ್ಮ ಸಾರ್ ಹೇಳೋ ಪರೀಕ್ಷೆ. ನಾನು ಬರೆದಿದ್ದನ್ನೆಲ್ಲ ನಿಮಗೆ ಓದಿ ಹೇಳ್ತೀನಿ. ನಿಮಗೆ ಏನು ತಿಳೀತು ಅಂತ ಹೇಳಿ."

ಆಗಲಿ ಅಂದೆ. ಎಪ್ಪತ್ತೆಂಟು ವರ್ಷಕ್ಕೆ ಮೊದಲ ಸಲ ಒಬ್ಬರು, ನಿಮಗೆ ಗೊತ್ತಿಲ್ಲದ್ದಕ್ಕೇ ನೀವು ಬೇಕು ಅಂದರು. ಗೊತ್ತಿರೋದನ್ನ ಹೇಳೋಕೆ ಹೋದರೆ ನಮ್ಮ ಮನೇಲಿ ಟೀವಿ ಜೋರು ಮಾಡ್ತಾರೆ.

ಮೀನಂಗಡಿಯಲ್ಲಿ

ಅವಳು ಬರೆದ ಮೊದಲ ಅರ್ಥ ಇದು: ಕೈಯಿಂದ ಬೀಸಿ ಮೀನು ಹಿಡಿಯುವ ಸಣ್ಣ ಬಲೆ.

ನನಗೆ ಕೂಡಲೇ ತಿಳೀತು. ನಾವು ಸಣ್ಣವರಿದ್ದಾಗ ಕೆರೆ ಏರಿ ಮೇಲೆ ಒಬ್ಬ ನಿಂತ್ಕೊಂಡು, ಭುಜದ ಮೇಲಿಂದ ಬಲೆ ಬೀಸೋನು. ಅದು ಗಾಳೀಲಿ ಛತ್ರಿ ತರ ಅರಳಿ ನೀರಿಗೆ ಬೀಳೋದು. ಅದನ್ನ ಹೇಳಿದೆ. ಹುಡುಗಿಗೆ ಸಂತೋಷವೋ ಸಂತೋಷ, ಅಜ್ಜಿಗೆ ತಿಳಿದುಬಿಡ್ತು ಅಂತ. ಇನ್ನು ಸಮುದ್ರದೋರು ಒಬ್ಬರು ನಗದೇ ಇದ್ದರೆ ಮುಗೀತು.

ನಮ್ಮ ಬೀದಿ ಕೊನೇಲಿ ಉಡುಪಿ ಕಡೆಯವನ ಮೀನಂಗಡಿ ಇದೆ. ಅರವತ್ತು ವರ್ಷದ ಆಳು. ಹುಡುಗನಾಗಿದ್ದಾಗಿಂದ ಬಲೆ ಎಳೆದೋನು, ಅಂಗೈಯಲ್ಲಿ ಹಗ್ಗದ ಗುರುತು ಇವತ್ತಿಗೂ ಗೆರೆ ಗೆರೆ ಕಾಣ್ತದೆ. ಇಬ್ಬರೂ ಹೋದೆವು. ಅವನು ಬಂಗುಡೆ ಮೀನು ಕುಯ್ತಿದ್ದ. ಹುಡುಗಿ ಓದಿದಳು. ಅವನು ಕತ್ತಿ ಕೆಳಗಿಟ್ಟ.

"ಕೈರಂಪಣಿ ಬೀಸುದಾ? ಯಾರು ಮಾರಾಯ್ರೆ ಬೀಸುದು?"

"ಮೀನುಗಾರರು" ಅಂದಳು ಇವಳು, ಸಣ್ಣ ದನಿಯಲ್ಲಿ.

"ಅದನ್ನು ದೋಣಿಗೆ ಹಾಕ್ಲಿಕ್ಕೇ ಹತ್ತು ಜನ ಬೇಕು. ಎಳೀಲಿಕ್ಕೆ ಮೂವತ್ತು ಜನ ಆದ್ರೂ ಬೇಕು. ಅದನ್ನು ಒಬ್ಬನೇ ಬೀಸುವವ ಇದ್ರೆ ಹೇಳಿ, ಅವನ ಹೆಸರಲ್ಲಿ ನಾನೊಂದು ಗುಡಿ ಕಟ್ಟಿಸ್ತೇನೆ."

"ಮತ್ತೆ ಕೈ ಅಂತ ಯಾಕಿದೆ?"

"ಕೈಯಲ್ಲಿ ಎಳೀತೇವಲ್ಲ, ಮತ್ತೆಂತ ಮೂಗಲ್ಲಿ ಎಳೀತೇವಾ? ದೊಡ್ಡ ರಂಪಣಿ ಅಂತ ಬೇರೆ ಉಂಟು, ಅದಕ್ಕೆ ಇನ್ನೂ ಜಾಸ್ತಿ ಜನ. ಇದು ಅದರ ತಮ್ಮ."

ಆಮೇಲೆ ಮರದ ಹಲಗೆ ಮೇಲೇ ತೋರಿಸಿದ. ಕತ್ತೀನ ಅಡ್ಡ ಇಟ್ಟ, ಅದು ದಡ. ಒಂದು ತುದಿ ಹಗ್ಗ ದಡದಲ್ಲಿ ಒಂದಷ್ಟು ಜನರ ಕೈಲಿ ಇರ್ತದೆ. ನೀರಿನ ಬಣ್ಣ ನೋಡಿ, ಹಕ್ಕಿ ನೋಡಿ, ಮೀನಿನ ಗುಂಪು ಎಲ್ಲಿದೆ ಅಂತ ಹೇಳೋ ಹಿರಿಯ ಒಬ್ಬ ಇರ್ತಾನೆ. ಅವನು ಕೈ ಮಾಡಿದ ಕಡೆಗೆ ದೋಣಿ ಹೋಗ್ತದೆ, ಹೋಗ್ತಾ ಹೋಗ್ತಾ ಬಲೆ ಇಳಿಸ್ತದೆ. ಮೀನಿನ ಸುತ್ತ ಅರ್ಧಚಂದ್ರ ಬಳಸಿ, ದೂರದಲ್ಲಿ ಮತ್ತೆ ಅದೇ ದಡಕ್ಕೆ ಬಂದು ಇನ್ನೊಂದು ತುದಿ ಕೊಡ್ತದೆ. ಎರಡು ಕಡೆಯೋರೂ ಎಳೀತಾರೆ. ಎಳೀತಾ ಎಳೀತಾ ಎರಡು ಗುಂಪೂ ಹತ್ತಿರ ಬರ್ತವೆ. ಒಂದು ಕಡೆಯೋರು ಅವಸರ ಮಾಡಿದರೆ ಇನ್ನೊಂದು ಕಡೆ ಬಾಗಿಲು ತೆಗೆದಂಗೆ, ಮೀನು ನಡೀತದೆ. ಬಲೆಯ ಕಣ್ಣು, ಅಂದ್ರೆ ತೂತು, ತುದಿಯಲ್ಲಿ ದೊಡ್ಡದು, ನಡುವೆ ಸಣ್ಣದು, ಯಾಕಂದ್ರೆ ಕೊನೆಗೆ ಮೀನೆಲ್ಲ ನಡುವಿಗೇ ಬಂದು ಸೇರೋದು.

ಇಷ್ಟನ್ನೂ ಅವನು ಹದಿನೆಂಟು ಬಂಗುಡೆ ಜೋಡಿಸಿ ತೋರಿಸೋ ಹೊತ್ತಿಗೆ ಹಿಂದೆ ಗಿರಾಕಿಗಳ ಸಾಲು ನಿಂತಿತ್ತು. ಅಪಾರ್ಟ್‌ಮೆಂಟಿನ ಒಬ್ಬ ಮೇಡಂ ಕತ್ತು ಚಾಚಿ ಹಲಗೆ ನೋಡಿ ಕೇಳಿದರು, "ಅಣ್ಣ, ಹಿಂಗೆ ಡಿಸೈನಲ್ಲಿ ಇಟ್ಟಿರೋದಕ್ಕೆ ರೇಟ್ ಬೇರೆನಾ?"

ಅರ್ಧಚಂದ್ರ

ಹುಡುಗಿ ಹೊಸದಾಗಿ ಬರೆದಳು: ಅರ್ಧಚಂದ್ರಾಕಾರದ ದೊಡ್ಡ ಬಲೆ.

ನನ್ನ ಸೊಸೆ ಬ್ಲೌಸ್ ಹೊಲೀತಾಳೆ. ಬಾಯಲ್ಲಿ ಗುಂಡುಸೂಜಿ ಕಚ್ಕೊಂಡೇ ಕೇಳಿಸ್ಕೊಂಡಳು. "ಅಷ್ಟೇ ತಾನೆ, ಒಂದು ಚಿಕ್ಕದು ಹೊಲಿದುಕೊಡ್ತೀನಿ, ನಿಮ್ಮ ಸಾರ್‌ಗೆ ತೋರಿಸಿ" ಅಂದಳು. ಹಳೇ ಸೊಳ್ಳೆಪರದೆ ಬಿಚ್ಚಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಬ್ಲೌಸಿನ ಬೆನ್ನು ಕತ್ತರಿಸಿದಂಗೆ ಅರ್ಧಚಂದ್ರ ಕತ್ತರಿಸಿದಳು. ಸುತ್ತಲೂ ಕೆಂಪು ಪೈಪಿಂಗ್ ಬೇರೆ. ಚೆಂದ ಅಂದರೆ ಚೆಂದ.

ಮೀನಂಗಡಿಯವನು ಅದನ್ನ ಎರಡು ಬೆರಳಲ್ಲಿ ಎತ್ತಿ ಹಿಡಿದು ಕೇಳಿದ, "ಇದೆಂತ, ಬಾವಲಿಯಾ?"

"ಕೈರಂಪಣಿ" ಅಂದಳು ಸೊಸೆ.

"ಅಕ್ಕಾ, ಬಲೆ ಅರ್ಧಚಂದ್ರ ಅಲ್ಲ. ಮರಳ ಮೇಲೆ ಹರಡಿದ್ರೆ ಉದ್ದಕ್ಕೆ ಗೋಡೆ ಹಾಗೆ ನೆಟ್ಟಗೆ ಇರ್ತದೆ. ತುಂಡು ತುಂಡು ಸೇರಿಸಿ ಮಾಡಿದ್ದು. ನೀರಿಗೆ ಇಳಿಸುವಾಗ ಮಾತ್ರ ಬಳಸಿಕೊಂಡು ಬರುದು."

ಹುಡುಗಿ ತಲೆ ಮೇಲೆ ಕೈ ಇಟ್ಕೊಂಡಳು. ನಾನು ಸಮಾಧಾನ ಹೇಳಿದೆ. "ಇದರಲ್ಲೇನವ್ವಾ ಅಳೋದು. ಸೀರೆ ಉದ್ದಕ್ಕೇ ಇರ್ತದೆ. ಉಟ್ಟಾಗ ಸುತ್ತು ಬರ್ತದೆ. ಸೀರೆ ಅಂದ್ರೆ ದುಂಡಗಿರೋ ಬಟ್ಟೆ ಅಂತ ಯಾರಾದ್ರೂ ಬರೀತಾರಾ? ವಸ್ತು ಹೆಂಗದೆ ಅನ್ನೋದು ಬೇರೆ, ಅದರಲ್ಲಿ ಏನು ಮಾಡ್ತೀವಿ ಅನ್ನೋದು ಬೇರೆ."

ಅವಳು ಆ ಮಾತನ್ನೂ ಒಂದು ಚೀಟಿ ಮೇಲೆ ಬರ್ಕೊಂಡಳು. ಸೊಸೆಯ ಹೊಲಿಗೆ ಮಾತ್ರ ದಂಡ ಆಗಲಿಲ್ಲ. ನೊಣ ಕೂರದಂಗೆ ಮೀನಿನ ತಟ್ಟೆಗೆ ಮುಚ್ಚೋಕೆ ಅವನೇ ಇಟ್ಕೊಂಡ. ಮೀನು ಸತ್ತ ಮೇಲೆ ಬಂದು ಸೇರೋ ಬಲೆ ಪ್ರಪಂಚದಲ್ಲಿ ಅದೊಂದೇ ಇರಬೇಕು.

ಭಾನುವಾರ

ಆ ಭಾನುವಾರ ಬೆಳಗ್ಗೆ ಹತ್ತಕ್ಕೆ ದೊಡ್ಡ ಸಂಪಾದಕರು ಬಂದರು. ಬಿಳೀ ಪಂಚೆ, ಇಸ್ತ್ರಿ ಮಾಡಿದ ಜುಬ್ಬ, ತೆಳ್ಳಗಿನ ಮನುಷ್ಯ. ಸಮುದ್ರ ನೋಡದೋರು ಈ ಅಜ್ಜಿ, ಸಮುದ್ರದೋರು ಇವರು ಅಂತ ನನ್ನನ್ನೂ ಅಂಗಡಿ ಬಿಟ್ಟು ಬಂದಿದ್ದ ಮೀನಂಗಡಿಯವನನ್ನೂ ತೋರಿಸಿ, ಹುಡುಗಿ ತಿದ್ದಿ ಬರೆದ ಹೊಸ ಚೀಟಿ ಕೊಟ್ಟಳು. ನಾನು ಕೊಟ್ಟ ಕಾಫಿ ಕುಡಿದು ಅವರು ನೇರ ವಿಷಯಕ್ಕೆ ಬಂದರು.

"ಅಜ್ಜಿ, ಪದ ಹೇಳಿದರೆ ಸಾಲದು. ನಾನು ಚೀಟಿ ಓದ್ತೀನಿ. ಅದರಲ್ಲಿ ಇರೋದನ್ನ ಮಾತ್ರ ನೀವು ಮಾಡಿ ತೋರಿಸಬೇಕು. ಮನಸ್ಸಿಗೆ ತೋಚಿದ್ದು ಸೇರಿಸಬಾರದು. ನೀವು" ಅಂತ ಮೀನಂಗಡಿಯವನ ಕಡೆ ತಿರುಗಿ, "ಬಾಯಿ ಬಿಡಬಾರದು" ಅಂದರು. ಪಾಪ, ಅವನು ಹೆಗಲ ಮೇಲಿದ್ದ ಟವೆಲ್ಲನ್ನ ಬಾಯಿಗೆ ಅಡ್ಡ ಹಿಡ್ಕೊಂಡು ನಿಂತ.

ಎದುರಿಗೆ ಒಂದು ಖಾಲಿ ಸೈಟು ಇದೆ, ಯಾರೋ ಮನೆ ಕಟ್ಟೋಕೆ ಮರಳು ಹಾಕ್ಸಿದ್ದರು. ಅದೇ ಕಡಲು ಅಂತ ಆಯ್ತು. ನನ್ನ ಎಂಟು ಸೀರೆ ಗಂಟು ಹಾಕಿದ್ದು ಬಲೆ. ಸೊಸೆಯ ಸ್ಕೂಟರ್ ದೋಣಿ. ರಜೆ ದಿನ ಅಂತ ಮಹಡಿಯೋರು ಹತ್ತು ಜನ ಇಳಿದು ಬಂದರು, ಐದೈದು ಜನದ ಎರಡು ಗುಂಪು ಮಾಡಿದೆ.

"ಮೀನು ಯಾರು?" ಅಂದೆ.

ಎಲ್ಲರೂ ಬೇರೆ ಕಡೆ ನೋಡಿದರು. "ಮೀನು ನಾನಾಗ್ತೀನಿ" ಅಂದರು ಸಂಪಾದಕರು. ಪಂಚೆ ಎತ್ತಿ ಕಟ್ಟಿ, ಸೈಟಿನ ನಡುವೆ ಹೋಗಿ ನಿಂತು, ಚೀಟಿ ಓದಿದರು: "ಕೈರಂಪಣಿ. ರಂಪಣಿಗಿಂತ ಚಿಕ್ಕದಾದ, ದೋಣಿಯಲ್ಲಿ ಒಯ್ದು ಕಡಲಿನಲ್ಲಿ ಮೀನಿನ ಗುಂಪಿನ ಸುತ್ತ ಅರೆಸುತ್ತಾಗಿ ಇಳಿಸಿ, ಎರಡು ತುದಿಯ ಹಗ್ಗಗಳನ್ನು ಎರಡು ಗುಂಪಿನವರು ಎಳೆಯುವ ಉದ್ದನೆಯ ಬಲೆ."

ಸೊಸೆ ಸ್ಕೂಟರ್ ಹೊರಡಿಸಿದಳು. ಹಿಂದೆ ಕೂತ ಹುಡುಗಿ ಒಂದೊಂದೇ ಸೀರೆ ಬಿಡ್ತಾ ಹೋದಳು. ಸಂಪಾದಕರ ಬೆನ್ನ ಹಿಂದೆ ಅರ್ಧಚಂದ್ರ ಬಂತು. ಅಲ್ಲೀವರೆಗೆ ಎಲ್ಲ ಸರಿ. ಎರಡು ತುದಿ ಎರಡು ಗುಂಪಿನ ಕೈಗೆ ಹೋದವು. ಎರಡು ಗುಂಪೂ ನನ್ನ ಮುಖ ನೋಡಿದವು.

"ಎಳೀಬೇಕು ಅಂತದೆ, ಎಳೀರಿ" ಅಂದೆ.

"ಯಾವ ಕಡೆಗೆ ಅಜ್ಜಿ?"

"ಚೀಟೀಲಿ ಇಲ್ಲ. ನಿಮ್ಮ ನಿಮ್ಮ ಕಡೆಗೆ ಎಳೀರಿ."

ಎರಡು ಗುಂಪು, ನಡುವೆ ಒಂದು ಹಗ್ಗ. ನಮ್ಮ ದೇಶದ ಯಾವ ಶಾಲೆಗೆ ಹೋದೋರಿಗಾದರೂ ಏನು ನೆನಪಾಗ್ತದೆ ಹೇಳಿ. ಈ ಕಡೆಯೋರು ಈ ಕಡೆಗೆ, ಆ ಕಡೆಯೋರು ಆ ಕಡೆಗೆ, ಕಾಲು ಊರಿ ಹಿಂದಕ್ಕೆ ವಾಲಿ ಎಳೆದರು. ಗೋಡೆ ಜತೆ ಜಗಳ ಆಡ್ತಿದ್ದನಲ್ಲ, ಅವನು "ಎಳಿ ಮಗಾ, ಬಿಡಬೇಡ ಮಗಾ" ಅಂತ ಶುರು ಮಾಡಿದ. ಎಂಟು ಸೀರೆ ತಂತಿ ತರ ನೆಟ್ಟಗಾಯ್ತು. ನೆಟ್ಟಗಾಗೋ ದಾರೀಲಿ ಸಂಪಾದಕರ ಮಂಡಿ ಹಿಂಭಾಗ ಸಿಕ್ತು. ಅವರು ಒಂದು ಮಾತೂ ಆಡದೆ, ಕುರ್ಚೀಲಿ ಕೂರೋ ಹಂಗೆ ಮರಳಿನ ಮೇಲೆ ಕೂತರು. ಮರುಗಳಿಗೆ ನಾಲ್ಕನೇ ಸೀರೆಯ ಗಂಟು ಬಿಚ್ಚಿ, ಐದು ಜನ ಪೂರ್ವಕ್ಕೆ ಐದು ಜನ ಪಶ್ಚಿಮಕ್ಕೆ ಅಂಗಾತ ಬಿದ್ದರು.

ಹುಡುಗಿ ಸ್ಕೂಟರ್ ಮೇಲೇ ಕಲ್ಲಾಗಿ ಕೂತಿದ್ದಳು. ಪೆಟ್ಟಿಗೆ ಕಟ್ಟೋ ಯೋಚನೆ ಅವಳ ಮುಖದಲ್ಲೇ ಕಾಣ್ತಿತ್ತು. ಸಂಪಾದಕರು ಕೂತಲ್ಲೇ ಕನ್ನಡಕ ಒರೆಸಿ, ಚೀಟಿ ಮತ್ತೆ ಓದಿ, "ಅಜ್ಜಿ ಮಾಡಿದ್ದು ಸರಿಯಾಗಿದೆ. ಏನೋ ಒಂದು ಬಿಟ್ಟುಹೋಗಿದೆ" ಅಂದರು.

ಮೀನಂಗಡಿಯವನಿಗೆ ಇನ್ನು ತಡೆಯೋಕಾಗಲಿಲ್ಲ. ಟವೆಲ್ ತೆಗೆದ. "ದಡ ಎಲ್ಲಿ ಸ್ವಾಮಿ? ನಿಮ್ಮ ಚೀಟಿಯಲ್ಲಿ ದಡವೇ ಇಲ್ಲ. ಎಲ್ಲರನ್ನೂ ನೀರಲ್ಲಿ ನಿಲ್ಲಿಸಿ ಎಳೆಸಿದ್ದೀರಿ."

"ಬಾಯಿ ಬಿಡಬೇಡಿ ಅಂದಿದ್ದೆ" ಅಂದರು ಸಂಪಾದಕರು.

"ಮೂವತ್ತು ಜನ ಮುಳುಗುವಾಗ ಹೇಗೆ ಸುಮ್ಮನಿರುದು?"

ಹುಡುಗಿ ಇಳಿದು ಬಂದು ಚೀಟಿ ತಗೊಂಡಳು. ಸ್ಕೂಟರ್ ಸೀಟಿನ ಮೇಲಿಟ್ಟು ತಿದ್ದಿದಳು. ಕಡಲಿನಲ್ಲಿ ಅನ್ನೋದರ ಹಿಂದೆ 'ದಡದ ಹತ್ತಿರದ' ಅಂತ ಸೇರಿಸಿದಳು. ಎರಡು ಗುಂಪಿನವರು ಅನ್ನೋದರ ಹಿಂದೆ 'ದಡದ ಮೇಲೆ ನಿಂತ' ಅಂತ. ಎಳೆಯುವ ಅನ್ನೋದನ್ನ ಹೊಡೆದು 'ಒಟ್ಟಿಗೆ ಎಳೆದು ತರುವ' ಅಂತ. ಸೈಟಿನ ಅಂಚಿನ ಚರಂಡಿ ಕಲ್ಲನ್ನ ದಡ ಮಾಡಿದೆವು. ಎಲ್ಲರನ್ನೂ ಅದರ ಮೇಲೆ ನಿಲ್ಲಿಸಿದೆ. ಸಂಪಾದಕರು ಎದ್ದು ಹೋಗಿ ಮತ್ತೆ ಮೀನಾದರು.

ಈ ಸಲ ಎರಡು ಗುಂಪೂ ನಮ್ಮ ಕಡೆಗೇ ಎಳೆದವು. ಎಳೀತಾ ಎಳೀತಾ, ಯಾರೂ ಹೇಳದೇನೇ, ಒಬ್ಬರ ಹತ್ತಿರ ಒಬ್ಬರು ಸರೀತಾ ಬಂದರು. ಮೀನಂಗಡಿಯವನ ಕಣ್ಣಲ್ಲಿ ನೀರಿತ್ತು. "ಹೀಗೇ" ಅಂದ, "ಇದೇ." ಅಷ್ಟರಲ್ಲಿ ಸಂಪಾದಕರು ಸೀರೆಯ ಕೆಳ ಅಂಚು ಎತ್ತಿ, ಬಗ್ಗಿ, ಆಚೆ ಕಡೆ ದಾಟಿಕೊಂಡರು.

"ಮೀನು ತಪ್ಪಿಸ್ಕೊಳ್ತು" ಅಂದೆ.

"ಕೆಳ ಅಂಚಿಗೆ ಭಾರ ಕಟ್ಟಿರ್ತೇವೆ, ತಳಕ್ಕೆ ತಾಗಿಕೊಂಡೇ ಬರ್ತದೆ. ಮೇಲಂಚಿಗೆ ತೇಲುವ ಮರದ ತುಂಡು" ಅಂದ ಮೀನಂಗಡಿಯವನು.

"ಬೇರೆ ಬಲೆಗಳಿಗೆ?" ಅಂತ ಹುಡುಗಿ ಕೇಳಿದಳು.

"ಭಾರ ಇಲ್ಲದ ಬಲೆ ಉಂಟಾ? ಎಲ್ಲದಕ್ಕೂ ಇರ್ತದೆ."

"ಹಾಗಾದ್ರೆ ಚೀಟಿಗೆ ಬೇಡ" ಅಂದಳು ಹುಡುಗಿ. "ಹಸಕ್ಕೆ ನಾಲ್ಕು ಕಾಲು ಅಂದಂಗಾಗ್ತದೆ."

ಸಂಪಾದಕರು ಅವಳನ್ನೇ ನೋಡಿದರು. ಆಮೇಲೆ ಪಂಚೆಯ ಮರಳು ಕೊಡವಿಕೊಂಡು, ಪದ ಎಣಿಸಿದರು. ಮೂವತ್ತರೊಳಗೇ ಇತ್ತು. ಕೆಳಗೆ ಕೆಂಪು ಶಾಯಿಯಲ್ಲೇ ಸರಿ ಗುರುತು ಹಾಕಿದರು. "ಚೀಟಿಯಲ್ಲಿ ತಪ್ಪಿದ್ದರೆ ನಾನೊಬ್ಬ ಬೀಳ್ತೀನಿ, ಚಿಂತೆಯಿಲ್ಲ. ಅಚ್ಚಾದ ಮೇಲೆ ತಪ್ಪಿದ್ದರೆ ಓದಿದೋರೆಲ್ಲ ಬೀಳ್ತಾರೆ. ನಾಳೆ ಆಫೀಸಿಗೆ ಬಾಮ್ಮ" ಅಂದರು.

ಬಿದ್ದ ಹತ್ತು ಜನರಲ್ಲಿ ಒಬ್ಬ ಆಗ ಕೇಳಿದ, "ಸಾರ್, ಈ ಪದದ ಪಕ್ಕ ನಮ್ಮ ಫೋಟೋ ಹಾಕ್ತೀರಾ?"

ಈಗ ಯಾರ್ಯಾರು ಎಲ್ಲಿದ್ದಾರೆ

ಮೀನಂಗಡಿಯವನಿಗೆ ಆ ಹಾಳೆಯ ಒಂದು ಪ್ರತಿ ಕೊಟ್ಟರು. ಅರ್ಥದ ಕೆಳಗೆ ಅವನದೇ ಮಾತು ಉದಾಹರಣೆ: "ಬೆಳಿಗ್ಗೆ ಕೈರಂಪಣಿ ಬಿಟ್ಟಿದ್ರು, ಒಳ್ಳೆ ಬಂಗುಡೆ ಬಿತ್ತು." ಅದಕ್ಕೆ ಕಟ್ಟು ಹಾಕಿಸಿ ತಕ್ಕಡಿ ಮೇಲೆ ನೇತುಹಾಕಿದ್ದಾನೆ. ಗಿರಾಕಿಗಳೆಲ್ಲ ಅದನ್ನ ಲೈಸೆನ್ಸ್ ಅಂದ್ಕೊಂಡಿದ್ದಾರೆ. ಅವನೂ ಅಲ್ಲ ಅಂತ ಹೇಳಿಲ್ಲ.

ಸೊಸೆ ಬ್ಲೌಸ್ ಹೊಲೀತಾನೇ ಇದ್ದಾಳೆ. ಆದರೆ ಈಗ ಯಾರಾದರೂ "ದುಂಡು ಕತ್ತು" ಅಂದರೆ, ಬಟ್ಟೆ ದುಂಡಗಿರಬೇಕೋ ಹಾಕ್ಕೊಂಡಾಗ ದುಂಡಗಿರಬೇಕೋ ಅಂತ ಕೇಳಿ ಅವರ ತಲೆ ಕೆಡಿಸ್ತಾಳೆ.

ಸೀರೆ ಎಳೆದವರಲ್ಲಿ ಇಬ್ಬರು ಮನೆ ಬದಲಾಯಿಸಿದರು. ಇನ್ನಿಬ್ಬರು, ಪೂರ್ವಕ್ಕೆ ಬಿದ್ದೋಳು ಪಶ್ಚಿಮಕ್ಕೆ ಬಿದ್ದೋನು, ಮದುವೆಯಾದರು. ಎದ್ದು ಒಬ್ಬರ ಮುಖ ಒಬ್ಬರು ನೆಟ್ಟಗೆ ನೋಡಿದ್ದು ಅವತ್ತೇ ಅಂತೆ.

ಸಂಪಾದಕರು ಸೊಂಟಕ್ಕೆ ಒಂದು ಪಟ್ಟಿ ಹಾಕ್ತಾರೆ. ಎರಡು ವಾರಕ್ಕೊಮ್ಮೆ ಬಂದು ಪರೀಕ್ಷೆ ಮಾಡ್ತಾರೆ. ಕಾಫಿ ಕುಡೀತಾರೆ, ಚೀಟಿ ಓದ್ತಾರೆ, ಮೀನು ಮಾತ್ರ ಆಗೋದಿಲ್ಲ.

ಹುಡುಗಿಗೆ ಕೆಲಸ ಗಟ್ಟಿಯಾಯ್ತು. ಹನ್ನೊಂದು ಪೆಟ್ಟಿಗೆ ಈಗ ಇಪ್ಪತ್ತಾಗಿದೆ.

ಇನ್ನು ನಾನು. ಹೋದ ತಿಂಗಳು ಮೀನಂಗಡಿಯವನು ತನ್ನ ಊರಿಗೆ ಕರೆದ. "ಅಮ್ಮ, ಇಷ್ಟೆಲ್ಲ ಮಾಡಿದ್ರಿ, ಒಮ್ಮೆ ಬಂದು ನಿಜವಾದ ಕೈರಂಪಣಿ ನೋಡಿ. ನೀವೂ ಒಂದು ಕೈ ಎಳೀರಿ" ಅಂದ. ಬಸ್ಸಿಗೆ ಸೀಟು ಹಿಡಿಸಿದೆ, ಹೊಸ ಚಪ್ಪಲಿ ತಗೊಂಡೆ, ಚೀಲಾನೂ ಕಟ್ಟಿದೆ. ವಿಷಯ ತಿಳಿದು ಹುಡುಗಿ ಮಹಡಿಯಿಂದ ಓಡಿ ಬಂದಳು. ಅವಳ ಹಿಂದೆ, ಆಟೋ ಮಾಡ್ಕೊಂಡು, ಸೊಂಟದ ಪಟ್ಟಿ ಸಮೇತ ಸಂಪಾದಕರು.

"ಅಜ್ಜಿ, ದಮ್ಮಯ್ಯ ಅಂತೀನಿ ಹೋಗಬೇಡಿ" ಅಂದಳು ಅವಳು. "ನೀವು ಸಮುದ್ರ ನೋಡಿಬಿಟ್ಟರೆ ನಾವು ಓದಿ ಹೇಳೋದು ಯಾರಿಗೆ?"

"ನಿಘಂಟು ಮುಗಿದ ಮಾರನೇ ದಿನ ನಾನೇ ಕರ್ಕೊಂಡು ಹೋಗ್ತೀನಿ" ಅಂದರು ಸಂಪಾದಕರು, ಕೈ ಮುಗಿದು.

ಚೀಲ ಬಿಚ್ಚಿದೆ. ಅಷ್ಟು ಓದಿದೋರು ಕೈ ಮುಗಿದಾಗ ಏನು ಮಾಡೋದು. ನನಗೀಗ ಎಪ್ಪತ್ತೊಂಬತ್ತು. ನಿಘಂಟು ಹ, ಳದವರೆಗೂ ಹೋಗಬೇಕಂತೆ. ಮೊನ್ನೆ ಕೇಳಿದೆ, ಎಲ್ಲಿಗೆ ಬಂತವ್ವಾ ಅಂತ.

"ಚುರುಕಾಗಿ ನಡೀತಿದೆ ಅಜ್ಜಿ" ಅಂದಳು. "ಚ ಶುರು ಮಾಡಿದ್ದೀವಿ."